ಹಲಸಿನ ಹಪ್ಪಳದ ಪೆಟ್ಟಿಗೆ ಲೆಕ್ಕ

ಸಂಘದ ಅಕ್ಕಂದಿರಿಗೆ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ, ವಾಟ್ಸಾಪ್ ಬಿಸಿನೆಸ್‌ನಲ್ಲಿ ಫೋಟೊ ಹಾಕಿ ಮಾರುತ್ತೇನೆ. ಫೋಟೊ ಹಾಕೋದು ಮಕ್ಕಳೇ ಹೇಳಿಕೊಡುತ್ತಾರೆ. ನಾನು ಪೆಟ್ಟಿಗೆಯ ಲೆಕ್ಕ ಹೇಳುತ್ತೇನೆ, ಲಾಭ ಉಳಿಯುವುದು ಅಲ್ಲೇ.

ಹಪ್ಪಳ ಹಗುರ, ಆದರೆ ಜಾಗ ಜಾಸ್ತಿ ಬೇಕು. ಕೊರಿಯರ್‌ನವರು ತೂಕದ ಜೊತೆ ಪೆಟ್ಟಿಗೆಯ ಅಳತೆಯನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಕಿಲೊ. ತಕ್ಕಡಿಯ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು.

ಅಂಗಡಿಯಲ್ಲಿ ಸಿಕ್ಕಿದ ಖಾಲಿ ಪೆಟ್ಟಿಗೆ 30, 25, 20 ಇತ್ತು ಅನ್ನಿ. ಗುಣಿಸಿದರೆ 15000, ಅಂದರೆ 3 ಕಿಲೊ. ಒಳಗಿರುವ ಹಪ್ಪಳ ಅರ್ಧ ಕಿಲೊ ಮಾತ್ರ! ಅದಕ್ಕೇ ನಾನು 20, 20, 12ರ ಪೆಟ್ಟಿಗೆ ಆರಿಸಿದೆ. ಅದು 4800, ಒಂದು ಕಿಲೊದೊಳಗೇ ಬಂತು. ಕಾಲು ಕಿಲೊದ ಎರಡು ಪ್ಯಾಕೆಟ್ ಅದರಲ್ಲಿ ಕೂರುತ್ತವೆ. ಮೇಲೆ ಕೆಳಗೆ ದಪ್ಪ ರಟ್ಟು ಇಡುತ್ತೇನೆ. ಪೆಟ್ಟಿಗೆ ಅಲ್ಲಾಡಿಸಿದಾಗ ಸದ್ದು ಬಂದರೆ ಒಳಗೆ ಜಾಗ ಉಳಿದಿದೆ ಅಂತ ಅರ್ಥ, ದಾರಿಯಲ್ಲಿ ಹಪ್ಪಳ ಪುಡಿಯಾಗುತ್ತದೆ. ಪೇಪರ್ ತುರುಕಿ ಬಿಗಿ ಮಾಡಬೇಕು.

ಈಗ ಬೆಲೆ. ಒಂದು ಪ್ಯಾಕೆಟ್‌ಗೆ ಸಾಮಾನು, ಸೌದೆ, ನಮ್ಮ ಕೂಲಿ ಸೇರಿ 100 ರೂಪಾಯಿ ಬಿತ್ತು ಅಂದುಕೊಳ್ಳಿ. ಎರಡಕ್ಕೆ 200. ಕವರ್, ಲೇಬಲ್, ಪೆಟ್ಟಿಗೆ, ಟೇಪಿಗೆ 30. ಕಳಿಸೋ ಖರ್ಚು 80. ಒಟ್ಟು 310. ಪ್ಯಾಕೆಟ್‌ಗೆ 150ರಂತೆ ಮಾರಿದರೆ ನಮಗೇ ಹತ್ತು ರೂಪಾಯಿ ನಷ್ಟ. ಅದಕ್ಕೆ 150 ಬೆಲೆ ಇಟ್ಟು, ಕಳಿಸೋ ಖರ್ಚು ಬೇರೆ ಅಂತ ಮೊದಲೇ ಬರೆಯುತ್ತೇನೆ. ಆಗ ಒಂದು ಪೆಟ್ಟಿಗೆಗೆ 70 ರೂಪಾಯಿ ಲಾಭ ಉಳಿಯುತ್ತದೆ. ಒಂದೇ ಪ್ಯಾಕೆಟ್ ಆದರೂ ಕಳಿಸೋ ಖರ್ಚು ಅಷ್ಟೇನೂ ಇಳಿಯಲ್ಲ, ಹಾಗಾಗಿ ಎರಡಕ್ಕಿಂತ ಕಡಿಮೆ ಕಳಿಸಲ್ಲ. ನಮ್ಮ ಕೂಲಿಯನ್ನು ಮಾತ್ರ ಲೆಕ್ಕದಿಂದ ಬಿಡಬೇಡಿ ಅಕ್ಕಾ. ಕಾಯಿ ಬಿಡಿಸಿ, ಬೇಯಿಸಿ, ರುಬ್ಬಿ, ತಟ್ಟಿ ಒಣಗಿಸುವ ಕೆಲಸ ಸುಮ್ನೆ ಆಗುತ್ತಾ?

ನಮ್ಮೂರಿನ ಮಳೆಯದೇ ಇನ್ನೊಂದು ಚಿಂತೆ. ಬೇಸಿಗೆ ಬಿಸಿಲಲ್ಲಿ ಒಣಗಿದ ಹಪ್ಪಳವೂ ಆಷಾಢದ ಗಾಳಿಗೆ ಶೀತ ಹಿಡಿಯುತ್ತದೆ. ಪ್ಯಾಕ್ ಮಾಡುವ ಮುಂಚೆ ಒಂದನ್ನು ಮುರಿದು ನೋಡುತ್ತೇನೆ. ಪಟ್ಟನೆ ಮುರಿಯಬೇಕು. ಬಾಗಿದರೆ ಆ ಡಬ್ಬದ ಹಪ್ಪಳ ಅವತ್ತು ಹೊರಡುವುದಿಲ್ಲ, ಬಿಸಿಲು ಬಂದ ಮೇಲೆ ಇನ್ನೊಮ್ಮೆ ಒಣಗಬೇಕು.

ತಿನ್ನುವ ಪದಾರ್ಥ ಅಲ್ವಾ, ಆಹಾರದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಅಲ್ಲಿ ಸಿಗುವ 14 ಅಂಕಿಯ ಸಂಖ್ಯೆಯನ್ನು ಲೇಬಲ್ ಮೇಲೆ ಹಾಕಬೇಕು. ಹಾಕಿರುವ ಸಾಮಾನು, ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ನಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು, ಇವೂ ಇರಬೇಕು.

ದುಡ್ಡು ಬಂದಿದೆಯಾ ಅಂತ ಬ್ಯಾಂಕ್ ಖಾತೆಯಲ್ಲೇ ನೋಡಿ, ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ. ದುಡ್ಡು ಪಡೆಯುವುದಕ್ಕೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಯಾರಾದರೂ ಕ್ಯುಆರ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ಅಲ್ಲಿಗೇ ನಿಲ್ಲಿಸಿ, ಹಪ್ಪಳ ಕಳಿಸಬೇಡಿ.