ಫೋಟೋ ಹೋಯ್ತು, ಕಲ್ಲು ಉಳಿಯಿತು

ಜುಲೈ ಮಳೆಯಲ್ಲಿ ಪುಣೆ ಹತ್ತಿರದ ತೋರಣಾ ಕೋಟೆಯಿಂದ ರಾಜಗಡ ಕೋಟೆಗೆ ಬೆಟ್ಟದ ಏಣುದಾರಿಯಲ್ಲಿ ನಡೆದಿದ್ದೆವು. ಐದು ಜನ, ಎಲ್ಲರೂ ಪುಣೆಯಲ್ಲಿ ಕೆಲಸ ಮಾಡುವ ಧಾರವಾಡ, ಬೆಳಗಾವಿ ಕಡೆಯವರು. ದಾರಿ ಪಕ್ಕ ಉರುಳಿ ಬಿದ್ದಿದ್ದ ಒಂದು ಬಂಡೆ ಒಡೆದಿತ್ತು. ಒಡೆದ ಮುಖದಲ್ಲಿ ದುಂಡನೆಯ ಪೊಟರೆ, ಅದರೊಳಗೆ ಪದರ ಪದರ. "ಡೈನೋಸಾರ್ ಮೊಟ್ಟೆ!" ಅಂತ ಗೆಳೆಯ ಕೂಗಿದ. ಹನ್ನೆರಡು ಫೋಟೋ ತೆಗೆದೆ. ಇಳಿಯುವಷ್ಟರಲ್ಲಿ ಫೋನ್ ಒಳಗೆ ನೀರು ಹೋಗಿತ್ತು.

ಒಂದು ರಿಪೇರಿ ಅಂಗಡಿಯವನು ಡೇಟಾ ತೆಗೆದುಕೊಡ್ತೀನಿ ಅಂತ ಮೂರೂವರೆ ಸಾವಿರ ಮೊದಲೇ ತಗೊಂಡ. ಎರಡು ವಾರ ಬಿಟ್ಟು ಫೋನ್ ವಾಪಸ್ ಕೊಟ್ಟ, ಒಂದು ಫೋಟೋನೂ ಬರಲಿಲ್ಲ. ಉಳಿದ ನಾಲ್ವರ ಫೋನ್ ಮಳೆಗೆ ಬ್ಯಾಗಿನ ತಳದಲ್ಲಿದ್ದವು. "ಇನ್ನು ಬಿಡು, ಫೋಟೋ ಇಲ್ಲದೆ ಯಾರು ಹೇಳ್ತಾರೆ?" ಅಂದರು. ನಾನು ಬಿಡಲಿಲ್ಲ.

ಅಲ್ಲೇ ದೊಡ್ಡ ತಪ್ಪೂ ಮಾಡಿದೆ. ನೆನಪಿದ್ದದ್ದನ್ನು ಬರೆದಿಡುವ ಮೊದಲು ಇಂಟರ್‌ನೆಟ್‌ನಲ್ಲಿ ಖನಿಜಗಳ ಚಿತ್ರ ನೋಡುತ್ತಾ ಕೂತೆ. ಎರಡು ಗಂಟೆ ಆದಮೇಲೆ ನಾನು ನೋಡಿದ್ದು ಯಾವುದು, ಪರದೆಯಲ್ಲಿ ಕಂಡದ್ದು ಯಾವುದು ಅಂತಲೇ ಗೊತ್ತಾಗಲಿಲ್ಲ. ಪುಣೆ ಹತ್ತಿರದ ವಾಘೋಲಿ ಕ್ವಾರಿಯಲ್ಲಿ ಸಿಗುವ ಕ್ಯಾವನ್ಸೈಟ್ ಅನ್ನೋ ನೀಲಿ ಖನಿಜದ ಫೋಟೋ ನೋಡಿದ್ದೇ ತಡ, ನಮ್ಮ ಕಲ್ಲಿನಲ್ಲೂ ನೀಲಿ ಇತ್ತು ಅನ್ನಿಸತೊಡಗಿತು. ಇರಲಿಲ್ಲ. ಅದನ್ನು ತಲೆಯಿಂದ ತೆಗೆಯೋಕೆ ಒಂದು ವಾರ ಬೇಕಾಯಿತು.

ಕೊನೆಗೆ ಧಾರವಾಡದಲ್ಲಿರುವ ನಿವೃತ್ತ ಭೂವಿಜ್ಞಾನದ ಮೇಷ್ಟ್ರಿಗೆ ಫೋನ್ ಮಾಡಿದೆ. "ಸರ್, ಗುಲಾಬಿ ಬಣ್ಣ, ತುಂಬಾ ಹೊಳೀತಿತ್ತು" ಅಂತ ಶುರು ಮಾಡಿದರೆ ಅರ್ಧಕ್ಕೇ ತಡೆದರು. "ಬಣ್ಣ ಬಿಡಪಾ. ಗ್ವಾಡಿಯಿಂದ ನಡುವಿನ ತನಕ ಒಂದರ ಹಿಂದ ಒಂದು ಏನೇನಿತ್ತು, ಅದನ್ನ ಹೇಳು."

ಫೋಟೋ ಇಲ್ಲದೆ ನೆನಪಿನಿಂದಲೇ ಕಲ್ಲು ಗುರುತಿಸುವ ನನ್ನ ವಿಧಾನದ ಬುಡ ಇದೇ. ಲಾವಾ ಆರುವಾಗ ಗಾಳಿಗುಳ್ಳೆಗಳು ಖಾಲಿ ಪೊಟರೆಗಳಾಗಿ ಉಳಿಯುತ್ತವೆ. ಆಮೇಲೆ ಖನಿಜ ಕರಗಿದ ನೀರು ಒಳಗಿಳಿದು ಗೋಡೆಯಿಂದ ನಡುವಿಗೆ ತುಂಬುತ್ತಾ ಬರುತ್ತದೆ. ಗೋಡೆಗೆ ಅಂಟಿದ್ದು ಮೊದಲನೆಯದು, ನಡುವಿನದು ಕೊನೆಯದು. ಬಣ್ಣ ಮರೆತರೂ ಈ ಸಾಲು ಮನಸ್ಸಿನಲ್ಲಿ ಉಳಿಯುತ್ತದೆ.

ಕಾಗದದಲ್ಲಿ ಒಂದು ವೃತ್ತ ಬರೆದು ಹೊರಗಿನಿಂದ ಒಳಕ್ಕೆ ತುಂಬಿದೆ. ಬಣ್ಣಕ್ಕಾಗಲಿ, ಮೈಗಾಗಲಿ, ಗಾತ್ರಕ್ಕಾಗಲಿ ಮನೆಯ ವಸ್ತುವಿನ ಹೋಲಿಕೆ ಮಾತ್ರ ಕೊಡಬೇಕು ಅಂತ ನಿಯಮ ಹಾಕಿಕೊಂಡೆ. ಖನಿಜದ ಹೆಸರು ಬರೆಯಲೇಬಾರದು. ಹೆಸರು ಬಂದ ತಕ್ಷಣ ಕಣ್ಣು ಆ ಹೆಸರಿಗೆ ತಕ್ಕ ಹಾಗೆ ನೆನಪಿಸಿಕೊಳ್ಳುತ್ತದೆ. ಕಳಿಸಿದ್ದು ಹೀಗಿತ್ತು:

"ಬಂಡೆ ಕಪ್ಪುಬೂದು, ಅದರಲ್ಲಿ ಸಾಸಿವೆಯಿಂದ ಕಡಲೆಯಷ್ಟು ತೂತುಗಳು ಜಾಸ್ತಿ. ಪೊಟರೆಯ ಗೋಡೆಗೆ ತೆಳ್ಳಗೆ ಮಂಕು ಹಸಿರು, ಒಣಗಿದ ಕರಿಬೇವಿನ ಪುಡಿ ಸವರಿದ ಹಾಗೆ, ಹೊಳಪಿಲ್ಲ. ಅದರ ಮೇಲೆ ಬೂದುಬಿಳಿ ಗೆರೆಗಳು, ಮೂರೋ ನಾಲ್ಕೋ, ಮೇಣದಂಥ ನುಣುಪು. ಆಮೇಲೆ ಕಲ್ಲುಸಕ್ಕರೆ ಚೂರಿನಂತೆ ಮಿನುಗುವ ಹರಳು. ನಡುವೆ ಗುಲಾಬಿ, ಹುಲ್ಲಿನ ಸಿವುಡನ್ನು ನಡುಮಧ್ಯೆ ಬಿಗಿದು ಕಟ್ಟಿದ ಆಕಾರ, ಚಪ್ಪೆ ಮೈಯಲ್ಲಿ ಮುತ್ತಿನ ಹೊಳಪು. ಎಲ್ಲಾ ಒದ್ದೆಯಾಗಿತ್ತು. ಗಾತ್ರ ತೆಂಗಿನಕಾಯಿಯಷ್ಟು."

ಪ್ರತಿ ಸಾಲಿನ ಮುಂದೆ 'ಖಂಡಿತ' ಅಥವಾ 'ಅನಿಸುತ್ತದೆ' ಅಂತ ಬರೆದೆ. ಗೆರೆಗಳ ಸಾಲಿಗೆ ಖಂಡಿತ, ಗುಲಾಬಿಗೆ ಅನಿಸುತ್ತದೆ. ಮೇಷ್ಟ್ರು ಇದನ್ನು ತುಂಬಾ ಮೆಚ್ಚಿದರು. ನನ್ನಿಂದ ಮಾತು ಹೊರಡಿಸಲು ಅವರು ಕೇಳುವ ಇನ್ನೊಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮೊದಲೇ ಗೊತ್ತಾದರೆ ಅದು ಕೆಲಸ ಮಾಡೋದಿಲ್ಲ.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಹಸಿರು ಪದರ ಸೆಲಡೋನೈಟ್, ಗೆರೆಗಳು ಕ್ಯಾಲ್ಸೆಡೊನಿ, ಅಂದರೆ ಅಗೇಟ್ ಜಾತಿ. ಮಿನುಗಿದ್ದು ಕ್ವಾರ್ಟ್ಜ್. ಸಿವುಡು ಬಹುಶಃ ಸ್ಟಿಲ್‌ಬೈಟ್. ಎಲ್ಲವೂ ಡೆಕ್ಕನ್ ಬಸಾಲ್ಟಿನಲ್ಲಿ, ಅಂದರೆ ಈ ಕಡೆಯ ಲಾವಾ ಕಲ್ಲಿನಲ್ಲಿ ಸಿಗುವಂಥವೇ. ಸಿವುಡಿನ ಆಕಾರ ಬರೆಯದಿದ್ದರೆ ಹ್ಯೂಲಾಂಡೈಟ್ ಅಂತಲೂ ಹೇಳಬಹುದಿತ್ತಂತೆ. ಅದಕ್ಕೂ ಮುತ್ತಿನ ಹೊಳಪಿದೆ, ಆದರೆ ಹರಳು ಶವಪೆಟ್ಟಿಗೆಯ ಆಕಾರದಲ್ಲಿ ಬಿಡಿಬಿಡಿಯಾಗಿರುತ್ತದೆ.

ಮೊಟ್ಟೆಯ ವಿಷಯವೂ ಅಲ್ಲೇ ತೀರ್ಮಾನವಾಯಿತು. ನಮ್ಮ ದೇಶದ ಡೈನೋಸಾರ್ ಮೊಟ್ಟೆಗಳು ಹೆಸರಾಗಿರುವುದು ಗುಜರಾತ್, ಮಧ್ಯಪ್ರದೇಶದ ಲಮೇಟಾ ಪದರಗಳಲ್ಲಿ. ಅವು ಲಾವಾದ ಕೆಳಗಿನ ಕೆಸರು, ಮರಳು, ಸುಣ್ಣದ ಪದರಗಳು, ಲಾವಾ ಅಲ್ಲ. ಮೊಟ್ಟೆಗೆ ಇರುವುದು ಒಂದೇ ತೆಳು ಚಿಪ್ಪು, ಒಳಗೆ ತುಂಬಿರುವುದು ಸಾಮಾನ್ಯವಾಗಿ ಸುತ್ತಲಿನ ಮಣ್ಣುಕಲ್ಲೇ. ಗೋಡೆಯಿಂದ ಒಳಕ್ಕೆ ನಾಲ್ಕು ಬಗೆ ಖನಿಜ ಹೀಗೆ ಸಾಲಾಗಿ ಬೆಳೆಯುವುದು ಲಾವಾ ಪೊಟರೆಯ ಲಕ್ಷಣ. ಗೆಳೆಯ ಇದನ್ನು ಒಪ್ಪಲು ಒಂದು ತಿಂಗಳು ತಗೊಂಡ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಮನೆಯಲ್ಲಿದ್ದ ಹತ್ತು ಹನ್ನೆರಡು ಕಲ್ಲುಗಳನ್ನು ಗೆಳೆಯರಿಗೆ ಒಂದೊಂದು ನಿಮಿಷ ತೋರಿಸಿ, ವಾರ ಬಿಟ್ಟು ಬರೆಸಿದೆ. ಬಣ್ಣ ಅರ್ಧದಷ್ಟು ಜನ ತಪ್ಪಿದರು. ಗಾತ್ರವನ್ನು ಹೆಚ್ಚುಕಮ್ಮಿ ಎಲ್ಲರೂ ದೊಡ್ಡದಾಗಿ ಬರೆದರು. ಪದರದ ಸಾಲು ಒಬ್ಬರೋ ಇಬ್ಬರೋ ತಪ್ಪಿದ್ದು. ಇನ್ನೊಮ್ಮೆ, ಹುಳಿ ತಾಗಿದರೆ ನೊರೆ ಬಿಡುವ ಬಿಳಿ ಕ್ಯಾಲ್ಸೈಟ್ ಚೂರಿನ ಮೇಲೆ ನಿಂಬೆಹಣ್ಣು ಹಿಂಡಿ ನೋಡಿದೆ. ಗಟ್ಟಿ ಚೂರಿನ ಮೇಲೆ ಏನೂ ಕಾಣಲಿಲ್ಲ ಅನ್ನಬಹುದು, ಪುಡಿ ಮಾಡಿದ ಮೇಲೆ ನೊರೆ ಎದ್ದಿತು. ಹಾಗಾಗಿ 'ನಿಂಬೆಗೆ ನೊರೆ ಬರಲಿಲ್ಲ' ಅಂತ ಯಾರಾದರೂ ಬರೆದರೆ ಪುಡಿಗೆ ಹಾಕಿದ್ದೋ ಗಟ್ಟಿ ಕಲ್ಲಿಗೋ ಅಂತ ನಾನು ಕೇಳುತ್ತೇನೆ.

ಡಿಸೆಂಬರ್‌ನಲ್ಲಿ ಅದೇ ದಾರಿಗೆ ಮತ್ತೆ ಹೋದೆ. ಸುಮಾರು ಆರುನೂರು ಕೊಟ್ಟು ಕೊಂಡ ಹತ್ತು ಪಟ್ಟಿನ ಲೆನ್ಸ್, ಒಂದು ಸೇಫ್ಟಿ ಪಿನ್, ಒಂದು ಸ್ಕೇಲ್, ಇಷ್ಟೇ ಜೊತೆಗಿದ್ದದ್ದು. ಸುತ್ತಿಗೆ ಒಯ್ಯಲಿಲ್ಲ. ಬಂಡೆ ಎಲ್ಲಿದೆ ಅಂತ ಹೇಳೋದೂ ಇಲ್ಲ. ಇಂಥ ಹರಳಿಗೆ ಕೊಳ್ಳುವವರಿದ್ದಾರೆ, ಹೇಳಿದ ವಾರವೇ ಯಾರಾದರೂ ಉಳಿ ಹಾಕುತ್ತಾರೆ.

ಬಂಡೆ ಅಲ್ಲೇ ಇತ್ತು. ಪದರದ ಸಾಲು ನಾನು ಬರೆದದ್ದೇ, ಒಂದೂ ತಪ್ಪಿಲ್ಲ. ಗುಲಾಬಿ ಮಾತ್ರ ಗುಲಾಬಿಯಲ್ಲ, ಒಣಗಿದಾಗ ಕೆನೆಗೆ ಚಿಟಿಕೆ ಕೇಸರಿ ಬೆರೆಸಿದ ಬಣ್ಣ. ಒದ್ದೆ ಕಲ್ಲು ಯಾವಾಗಲೂ ಗಾಢವಾಗಿ ಕಾಣುತ್ತದೆ. ತೆಂಗಿನಕಾಯಿ ಅಂದದ್ದು ಅಳೆದರೆ ಒಂಬತ್ತು ಸೆಂಟಿಮೀಟರ್, ದೊಡ್ಡ ಮೂಸಂಬಿಯಷ್ಟು. ಸಿವುಡಿನ ಅಂಚಿಗೆ ಪಿನ್ ತಾಗಿಸಿದೆ, ಗೀರು ಬಿತ್ತು. ಮಿನುಗುವ ಹರಳಿಗೆ ಒತ್ತಿ ಗೀರಿದರೆ ಪಿನ್ನಿನ ಲೋಹವೇ ಬೂದು ಗೆರೆಯಾಗಿ ಅಂಟಿತು. ಸ್ಟಿಲ್‌ಬೈಟ್ ಪಿನ್ನಿಗಿಂತ ಮೆತ್ತಗೆ, ಕ್ವಾರ್ಟ್ಜ್ ಪಿನ್ನಿಗಿಂತ ಗಟ್ಟಿ. ಮೇಷ್ಟ್ರು ಹೇಳಿದ ಎರಡು ಹೆಸರಿಗೂ ಇದು ಹೊಂದಿತು.

ಅಲ್ಲಿಂದಲೇ ಫೋನ್ ಮಾಡಿದೆ. ಎಲ್ಲಾ ಕೇಳಿಸಿಕೊಂಡು, "ಬೂದುಬಿಳಿ ಗೆರಿ ಗ್ವಾಡಿ ಸುತ್ತ ಅಷ್ಟ ಅದಾವೇನು, ಇಲ್ಲಾ ಒಂದು ಕಡೆ ಸಪಾಟ ಕೂತಾವೇನು?" ಅಂದರು. ಬಗ್ಗಿ ಲೆನ್ಸ್ ಹಿಡಿದೆ. ಒಂದು ಮೂಲೆಯಲ್ಲಿ ನಾಲ್ಕು ಗೆರೆ ರೂಲರ್ ಇಟ್ಟು ಎಳೆದ ಹಾಗೆ ನೇರ. ಜುಲೈನಲ್ಲಿ ಅದನ್ನು ನಾನು ನೋಡಿಯೇ ಇರಲಿಲ್ಲ. ಅಂಥ ಗೆರೆ ನಿಂತ ನೀರಿನ ಮಟ್ಟದಂತೆ ಅಡ್ಡಲಾಗಿ ಕೂರುತ್ತದೆ, ಇಲ್ಲಿ ನಲವತ್ತು ಡಿಗ್ರಿಯಷ್ಟು ಓರೆಯಾಗಿತ್ತು. ಅಂದರೆ ಬಂಡೆ ಮೇಲಿನಿಂದ ಬೀಳುವಾಗ ಕನಿಷ್ಠ ಅಷ್ಟಾದರೂ ಹೊರಳಿದೆ. ತಲೆ ಎತ್ತಿದರೆ ಕಡಿದಾದ ಕಲ್ಲಿನ ಗೋಡೆ. ಅದು ಕಿತ್ತು ಬಂದ ಜಾಗ ಅಲ್ಲೇ ಎಲ್ಲೋ ಇದೆ. ಮುಂದಿನ ಸಲ ದುರ್ಬೀನು ಒಯ್ಯುತ್ತೇನೆ.