ಫೋಟೋದಲ್ಲಿ ಬಂದದ್ದು ಬಿಲ್ಲೋ, ಕೊಟೇಶನ್ನೋ? ಲೆಕ್ಕಕ್ಕೆ ಏರಿಸುವ ಮುನ್ನ ಹೀಗೆ ನೋಡಿ

ಕಾಸರಗೋಡಿನ ಸಣ್ಣ ಉದ್ಯಮಗಳಲ್ಲಿ ಖರೀದಿಯ ಕಾಗದ ಈಗ ಕೈಗೆ ಬರುವುದು ಕಡಿಮೆ, ಮೊಬೈಲಿಗೆ ಬರುವುದೇ ಹೆಚ್ಚು. ಮಾಲೀಕರು ಫೋಟೋ ಹಾಕಿ ‘ಬಿಲ್ ಕಳುಹಿಸಿದ್ದೇನೆ’ ಎನ್ನುತ್ತಾರೆ, ಲೆಕ್ಕ ಬರೆಯುವವರು ಕೆಳಗಿನ ಮೊತ್ತ ನೋಡಿ ಖರ್ಚಿಗೆ ಏರಿಸುತ್ತಾರೆ. ಅದು ಸರಕು ಕಳುಹಿಸುವ ಮುನ್ನ ದರ ತಿಳಿಸಲು ಕೊಡುವ ಪ್ರೊಫಾರ್ಮಾ ಇನ್‌ವಾಯ್ಸ್ ಆಗಿದ್ದರೆ ತಿಂಗಳೊಪ್ಪತ್ತಿನಲ್ಲಿ ನಿಜವಾದ ಟ್ಯಾಕ್ಸ್ ಇನ್‌ವಾಯ್ಸ್ ಬಂದು ಅದೂ ಲೆಕ್ಕಕ್ಕೆ ಸೇರುತ್ತದೆ. ಸಂಖ್ಯೆ ಬೇರೆ, ತಾರೀಕು ಬೇರೆ, ಎಷ್ಟೋ ಸಲ ಮೊತ್ತವೂ ಬೇರೆ. ಹಾಗಾಗಿ ಒಂದೇ ಖರೀದಿ ಎರಡು ಸಲ ಬರೆದದ್ದನ್ನು ಸಾಫ್ಟ್‌ವೇರ್ ಹಿಡಿಯುವುದಿಲ್ಲ.

ಮೊದಲ ಹೆಜ್ಜೆ: ಪೂರ್ತಿ ಚಿತ್ರ ತರಿಸಿಕೊಳ್ಳಿ. ನಾಲ್ಕು ಅಂಚುಗಳೂ ಕಾಣಬೇಕು, ಎರಡು ಪುಟವಿದ್ದರೆ ಎರಡೂ ಬೇಕು. ಸ್ಕ್ಯಾನ್ ಮಾಡುವ ಕೆಲವು ಆ್ಯಪ್‌ಗಳು ಅಂಚನ್ನು ತಾವೇ ಊಹಿಸಿ ಕತ್ತರಿಸುತ್ತವೆ, ತಲೆಬರಹ ಹೋಗುವುದು ಅಲ್ಲಿಯೇ. ಹಿನ್ನೆಲೆಯನ್ನು ಬಿಳಿ ಮಾಡುವ ಫಿಲ್ಟರ್ ಹಾಕಿದರೆ ಬೂದು ಬಣ್ಣದಲ್ಲಿ ಅಚ್ಚಾದ ‘ಇದು ಟ್ಯಾಕ್ಸ್ ಇನ್‌ವಾಯ್ಸ್ ಅಲ್ಲ’ ಎಂಬ ಸಾಲೂ ಮಾಯವಾಗುತ್ತದೆ. ಮಾರಾಟಗಾರರಿಂದ ಪಿಡಿಎಫ್ ಸಿಗುವಂತಿದ್ದರೆ ಫೋಟೋದ ಗೋಜೇ ಬೇಡ.

ತಲೆಬರಹದಲ್ಲಿ ‘ಪ್ರೊಫಾರ್ಮಾ’, ‘ಕೊಟೇಶನ್’, ‘ಎಸ್ಟಿಮೇಟ್’ ಎಂದಿದ್ದರೆ ಅಲ್ಲಿಗೆ ಮುಗಿಯಿತು, ಖರ್ಚಿಗೆ ಬರೆಯಬೇಡಿ. ತೊಡಕಿರುವುದು ಬರೀ ‘ಇನ್‌ವಾಯ್ಸ್’ ಎಂದಿರುವ, ಅಥವಾ ತಲೆಬರಹವೇ ಇಲ್ಲದ ಚಿತ್ರದಲ್ಲಿ.

ಇಲ್ಲಿ ಹೆಚ್ಚಿನವರು ತಪ್ಪು ಗುರುತುಗಳನ್ನು ನಂಬುತ್ತಾರೆ. ಜಿಎಸ್‌ಟಿ ಸಂಖ್ಯೆ ಇದೆ, ತೆರಿಗೆ ಲೆಕ್ಕ ಹಾಕಿದ್ದಾರೆ, ಸೀಲು ಸಹಿ ಇದೆ, ಬ್ಯಾಂಕ್ ಖಾತೆಯ ವಿವರ ಇದೆ ಎಂದು ವಾದಿಸುತ್ತಾರೆ. ಒಳ್ಳೆಯ ಕೊಟೇಶನ್‌ನಲ್ಲಿ ಇವೆಲ್ಲವೂ ಇರುತ್ತವೆ. ಒಂದೇ ಕಂಪ್ಯೂಟರಿನ ಒಂದೇ ನಮೂನೆಯಿಂದ ಎರಡನ್ನೂ ಅಚ್ಚು ಮಾಡುವಾಗ ಇಲ್ಲದಿರುವುದಾದರೂ ಹೇಗೆ?

ಕ್ಯೂಆರ್ ಕೋಡ್ ಇನ್ನೊಂದು ಮೋಸ. ಮೂಲೆಯಲ್ಲಿರುವುದು ಹಣ ಪಾವತಿಯ ಯುಪಿಐ ಕೋಡ್ ಆಗಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಇ-ಇನ್‌ವಾಯ್ಸ್‌ನ ಕೋಡ್ ಬೇರೆ, ಅದರ ಜೊತೆಗೆ ಇನ್‌ವಾಯ್ಸ್ ನೋಂದಣಿಯ ಗುರುತಾದ 64 ಅಕ್ಷರಗಳ ಐಆರ್‌ಎನ್ ಇರುತ್ತದೆ. ಆ ಕೋಡನ್ನು ಜಿಎಸ್‌ಟಿಯ ಅಧಿಕೃತ ಪರಿಶೀಲನಾ ಆ್ಯಪ್‌ನಲ್ಲಿ ತೋರಿಸಿದಾಗ ಸಂಖ್ಯೆ, ತಾರೀಕು, ಮೊತ್ತ ಮೂಡಿ ಕಾಗದದಲ್ಲಿದ್ದುದಕ್ಕೆ ತಾಳೆಯಾದರೆ ಅದು ಟ್ಯಾಕ್ಸ್ ಇನ್‌ವಾಯ್ಸೇ. ಆದರೆ ಐಆರ್‌ಎನ್ ಇಲ್ಲ ಎಂದ ಮಾತ್ರಕ್ಕೆ ಪ್ರೊಫಾರ್ಮಾ ಎಂದುಕೊಳ್ಳಬೇಡಿ. 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದು ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ. ಅದಕ್ಕಿಂತ ಸಣ್ಣ ವ್ಯಾಪಾರಿಯ ಬಿಲ್ಲಿನಲ್ಲಿ ಅದು ಇರಬೇಕಾಗಿಲ್ಲ.

ಹಾಗಾದರೆ ನೋಡಬೇಕಾದದ್ದು ಏನನ್ನು? ನನ್ನ ಮಟ್ಟಿಗೆ ಎರಡನ್ನು.

ಒಂದು, ಸಂಖ್ಯೆ. ಟ್ಯಾಕ್ಸ್ ಇನ್‌ವಾಯ್ಸ್‌ಗೆ ಆ ಹಣಕಾಸು ವರ್ಷದಲ್ಲಿ ಮರುಕಳಿಸದ, ಅನುಕ್ರಮವಾದ, 16 ಅಕ್ಷರ ಮೀರದ ಸಂಖ್ಯೆ ಇರಬೇಕೆಂದು ಜಿಎಸ್‌ಟಿ ನಿಯಮ 46 ಹೇಳುತ್ತದೆ. ಪ್ರೊಫಾರ್ಮಾಕ್ಕೆ ಈ ಕಟ್ಟುಪಾಡಿಲ್ಲ. ಅದೇ ಮಾರಾಟಗಾರರ ಹಳೆಯ ಬಿಲ್‌ಗಳನ್ನು ಲೆಡ್ಜರ್‌ನಲ್ಲಿ ತೆಗೆಯಿರಿ. ಕಳೆದ ತಿಂಗಳದ್ದು 871 ಆಗಿದ್ದು ಇಂದಿನದು PI/118 ಎಂದಿದ್ದರೆ ಸರಣಿಯೇ ಬೇರೆ. ಒಬ್ಬ ವ್ಯಾಪಾರಿ ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಬಹುದು, ಆದ್ದರಿಂದ ಇದು ತೀರ್ಪಲ್ಲ, ಸಂಶಯ. ಫೋನು ಮಾಡಲು ಅಷ್ಟು ಸಾಕು.

ಎರಡು, ಕಾಗದ ಆದದ್ದನ್ನು ಹೇಳುತ್ತಿದೆಯೋ, ಆಗಬೇಕಾದದ್ದನ್ನೋ ಎಂಬುದು. ‘ಈ ದರ 15 ದಿನ ಮಾತ್ರ ಊರ್ಜಿತ’, ‘ಮುಂಗಡ ಬಂದ ವಾರದೊಳಗೆ ಸರಕು’, ‘ಸಾಗಾಟ ಪ್ರತ್ಯೇಕ’ ಇಂಥವೆಲ್ಲ ಇನ್ನೂ ನಡೆಯದ ವ್ಯಾಪಾರದ ಮಾತುಗಳು. ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ ಕಳುಹಿಸಿದ ಪ್ರಮಾಣ, ಸರಕು ಸೇರುವ ರಾಜ್ಯ ಮತ್ತು ಹಲವು ಸಲ ವಾಹನದ ನಂಬರ್ ಇರುತ್ತವೆ. ‘ಖರೀದಿದಾರರಿಗೆ ಮೂಲ ಪ್ರತಿ’ ಎಂಬ ಗುರುತೂ ಸಾಮಾನ್ಯವಾಗಿ ಇರುತ್ತದೆ. ಕೊಟೇಶನ್‌ಗೆ ಮೂಲ ಪ್ರತಿ, ಸಾಗಾಟದಾರರ ಪ್ರತಿ ಎಂಬ ಭೇದವಿಲ್ಲ. ಕಣ್ಣೂರು ಕಡೆಯ ಅಂಗಡಿಗಳ ಕಾಗದದಲ್ಲಿ ಷರತ್ತುಗಳು ಮಲಯಾಳದಲ್ಲಿ ಕೈಬರಹವಾಗಿರುವುದೂ ಉಂಟು. ಓದಲು ಬಾರದೆಂದು ಬಿಡಬೇಡಿ, ಪಕ್ಕದವರಿಂದ ಓದಿಸಿಕೊಳ್ಳಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬದಿಯಡ್ಕದ ಒಂದು ತೆಂಗಿನೆಣ್ಣೆ ಗಿರಣಿ ಮಂಗಳೂರಿನ ವ್ಯಾಪಾರಿಯಿಂದ ಖಾಲಿ ಪ್ಲಾಸ್ಟಿಕ್ ಬಾಟಲಿ ತರಿಸುತ್ತದೆ. ಮಾರ್ಚ್ 27ರ ತಾರೀಕಿನ ಚಿತ್ರ ಬಂದಿದೆ. ತಲೆಬರಹ ಬರೀ ‘ಇನ್‌ವಾಯ್ಸ್’. 4,000 ಬಾಟಲಿ, ತಲಾ 10 ರೂಪಾಯಿ, 40,000, ಐಜಿಎಸ್‌ಟಿ ಶೇ 18ರಂತೆ 7,200, ಒಟ್ಟು 47,200. ಕೆಳಗೆ ‘20,000 ಮುಂಗಡ, ಬಳಿಕ ಸರಕು’ ಎಂದಿದೆ. ಗಿರಣಿಯವರು ಮಾರ್ಚ್ 28ರಂದು 20,000 ಕಳುಹಿಸಿದ್ದಾರೆ. ಅಂದು ಬರೆಯಬೇಕಾದದ್ದು ಮಾರಾಟಗಾರರ ಹೆಸರಿಗೆ 20,000 ಮುಂಗಡ, ಅಷ್ಟೇ. ಖರ್ಚು ಸೊನ್ನೆ, ಇನ್‌ಪುಟ್ ತೆರಿಗೆಯೂ ಸೊನ್ನೆ.

ಏಪ್ರಿಲ್ 5ಕ್ಕೆ ಸರಕಿನೊಂದಿಗೆ ಟ್ಯಾಕ್ಸ್ ಇನ್‌ವಾಯ್ಸ್ ಬರುತ್ತದೆ. ಬಾಟಲಿ 3,600 ಮಾತ್ರ, 36,000. ಸಾಗಾಟ 1,500 ಸೇರಿ 37,500, ಐಜಿಎಸ್‌ಟಿ 6,750, ಒಟ್ಟು 44,250. ಈಗ ಖರೀದಿ 37,500, ಇನ್‌ಪುಟ್ ಐಜಿಎಸ್‌ಟಿ 6,750 ಎಂದು ಬರೆದು, ಮುಂಗಡ ಕಳೆದು 24,250 ಬಾಕಿ ತೋರಿಸಬೇಕು. ಮಾರ್ಚ್‌ನಲ್ಲೇ ಚಿತ್ರ ನೋಡಿ ಏರಿಸಿದ್ದರೆ, ಬಾರದ ಸರಕಿನ 40,000 ಖರೀದಿ ಹಿಂದಿನ ವರ್ಷಕ್ಕೆ ಸೇರುತ್ತಿತ್ತು, ಪಡೆಯುವ ಹಕ್ಕಿಲ್ಲದ 7,200 ತೆರಿಗೆ ಕ್ರೆಡಿಟ್ ಕೂಡ. ಟ್ಯಾಕ್ಸ್ ಇನ್‌ವಾಯ್ಸ್ ಕೈಯಲ್ಲಿರಬೇಕು, ಸರಕು ಸೇರಿರಬೇಕು ಎಂಬುದು ಕ್ರೆಡಿಟ್ಟಿನ ಮೂಲ ಷರತ್ತು.

ಗಡಿಯವರಿಗೆ ಇನ್ನೊಂದು ಮಾತು. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯವನ್ನು ಹೇಳುತ್ತವೆ, ಕರ್ನಾಟಕಕ್ಕೆ 29, ಕೇರಳಕ್ಕೆ 32. 29ರ ಮಾರಾಟಗಾರರು ಸರಕನ್ನು ಕಾಸರಗೋಡಿಗೆ ಕಳುಹಿಸಿ, ಅಂತರರಾಜ್ಯ ಮಾರಾಟಕ್ಕೆ ಹಾಕಬೇಕಾದ ಐಜಿಎಸ್‌ಟಿ ಬದಲು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಒಡೆದು ಹಾಕಿದ್ದರೆ ಕಾಗದ ಯಾವುದೇ ಇರಲಿ, ಅದನ್ನು ಹಿಂದಕ್ಕೆ ಕಳುಹಿಸಿ. ಕೊಟೇಶನ್ ಹಂತದಲ್ಲೇ ಈ ತಪ್ಪು ಹಿಡಿದರೆ ಬಿಲ್ ತಿದ್ದಿಸುವ ರಗಳೆ ತಪ್ಪುತ್ತದೆ.

ಚಿತ್ರದಿಂದ ಅಂಕಿಗಳನ್ನು ತಾನೇ ಎತ್ತಿಕೊಂಡು ಖರೀದಿ ನಮೂದು ತಯಾರಿಸುವ ಸಾಫ್ಟ್‌ವೇರ್ ನಿಮ್ಮಲ್ಲಿದ್ದರೆ, ತಾನಾಗಿ ಲೆಕ್ಕಕ್ಕೆ ಸೇರಿಸುವ ಸೌಲಭ್ಯವನ್ನು ನಿಲ್ಲಿಸಿಬಿಡಿ. ಮೊತ್ತ ಮತ್ತು ಜಿಎಸ್‌ಟಿ ಸಂಖ್ಯೆ ಸಿಕ್ಕಿದರೆ ಕೆಲವಕ್ಕೆ ಎಲ್ಲವೂ ಬಿಲ್ಲೇ.

ಕೊನೆಯ ತಾಳೆ, ಮಾರಾಟಗಾರರು ಸಲ್ಲಿಸಿದ ಬಿಲ್‌ಗಳನ್ನು ತೋರಿಸುವ ಜಿಎಸ್‌ಟಿಆರ್-2ಬಿಯಲ್ಲಿ. ಅದು ಮುಂದಿನ ತಿಂಗಳ 14ಕ್ಕೆ ಸಿದ್ಧವಾಗುತ್ತದೆ, ಪ್ರೊಫಾರ್ಮಾದ ಸಂಖ್ಯೆ ಅದರಲ್ಲಿ ಎಂದೂ ಬರುವುದಿಲ್ಲ. ಆದರೆ ಮಾರಾಟಗಾರರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಾಗಿದ್ದರೆ ನಿಜವಾದ ಬಿಲ್ ಕೂಡ ತಡವಾಗಿ ಕಾಣಬಹುದು. ಅಲ್ಲಿಯವರೆಗೆ ಆ ತೆರಿಗೆಯನ್ನು ಕ್ರೆಡಿಟ್ ಆಗಿ ಬಳಸದೆ ಪ್ರತ್ಯೇಕ ಖಾತೆಯಲ್ಲಿ ಇಟ್ಟಿರಿ.