ಫೋಟೊದಲ್ಲಿನ ತೇದಿ: ಅರಬ್ಬಿಯಲ್ಲಿ ಹಿಜರಿಯೋ, ಕ್ರಿಸ್ತಶಕವೋ?

ವಿಜಯಪುರದ ಗೋಳಗುಮ್ಮಟದ ಬಗ್ಗೆ ಒಂದು ಕಿರುಪುಸ್ತಕವನ್ನು ಅರಬ್ಬಿಗೆ ತರುತ್ತಿದ್ದೀರಿ ಎಂದುಕೊಳ್ಳಿ. ಅದರಲ್ಲಿ ದಕ್ಷಿಣ ಬಾಗಿಲಿನ ಪಾರ್ಸಿ ಶಾಸನದ ಫೋಟೊ ಇದೆ. ಕೆಳಗಿನ ಕನ್ನಡ ಟಿಪ್ಪಣಿಯಲ್ಲಿ ‘ಮುಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656’ ಎಂದಿದೆ. ಇದೇ 1656 ಅರಬ್ಬಿಗೂ ಹೋಗಬೇಕೆ?

ಮೊದಲು ಟಿಪ್ಪಣಿ ಬಿಟ್ಟು ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಶಾಸನದ ಒಂದು ಸಾಲು ‘ಆಕಿಬತ್ ಮುಹಮ್ಮದ್ ಮಹಮೂದ್ ಶುದ್’, ಅಂದರೆ ಮುಹಮ್ಮದನ ಅಂತ್ಯ ಸ್ತುತ್ಯವಾಯಿತು. ಅಬ್ಜದ್ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇರುತ್ತದೆ. ನಾಲ್ಕು ಪದಗಳ ಬೆಲೆ ಕ್ರಮವಾಗಿ 573, 92, 98, 304. ಕೂಡಿದರೆ 1067, ಅದೇ ಹಿಜರಿ ವರ್ಷ. ಅರಬ್ಬಿ ಬಲ್ಲವರು ಫೋಟೊ ನೋಡಿ ಈ ಲೆಕ್ಕವನ್ನು ತಾವೇ ಮಾಡಬಲ್ಲರು. ಕೆಳಗೆ ಬರೀ 1656 ಇದ್ದರೆ ಅವರ ಲೆಕ್ಕಕ್ಕೂ ನಮ್ಮ ಟಿಪ್ಪಣಿಗೂ ತಾಳೆಯಾಗದು. ಸಾಲು ಕಟ್ಟಿದ ಕವಿಯ ಶ್ರಮವೂ ಕಾಣದೆ ಹೋಗುತ್ತದೆ. ಹಾಗಾಗಿ ಇಲ್ಲಿ 1067 ಮೊದಲು ಬರಬೇಕು, ಅದರ ಮುಂದೆ ಹಿಜರಿ ಸೂಚಿಸುವ ‘ಹಾ’ ಅಕ್ಷರ. ಆಮೇಲೆ 1656, ಅದಕ್ಕೆ ಮೀಲಾದಿ, ಅಂದರೆ ಕ್ರಿಸ್ತಶಕ, ಎಂಬುದರ ‘ಮೀಮ್’ ಅಕ್ಷರ.

ಎರಡನೆಯದು, ಇಸವಿ ಬದಲಿಸುವಾಗಿನ ಎಚ್ಚರ. ಹಿಜರಿ 1067 ಶುರುವಾದದ್ದು 1656ರ ಅಕ್ಟೋಬರ್‌ನಲ್ಲಿ, ಮುಗಿದದ್ದು 1657ರ ಅಕ್ಟೋಬರ್‌ನಲ್ಲಿ. ಸುಲ್ತಾನ ತೀರಿಕೊಂಡದ್ದು 1656ರ ನವೆಂಬರ್ ಎಂದು ಬೇರೆ ಆಧಾರದಿಂದ ಗೊತ್ತಿರುವುದರಿಂದ 1656 ಎನ್ನಬಹುದು. ಬರೀ ವರ್ಷ ಸಿಕ್ಕಿದ ಶಾಸನಕ್ಕೆ 1656–57 ಎಂದೇ ಬರೆಯಿರಿ.

ಹಳೇ ಫರ್ಮಾನಿನ ಫೋಟೊ ಇದ್ದರಂತೂ ಇನ್ನೂ ಹುಷಾರು. ಆದಿಲ್ ಶಾಹಿ ಕಚೇರಿಗಳಲ್ಲಿ ಶುಹೂರ್ ಸನ್ ಎಂಬ ಸೌರ ಲೆಕ್ಕವೂ ನಡೆಯುತ್ತಿತ್ತು. ಅದಕ್ಕೆ 599 ಅಥವಾ 600 ಕೂಡಿದರೆ ಕ್ರಿಸ್ತಶಕ. ಶುಹೂರ್ 1056 ಅಂದರೆ 1655–56. ಅದೇ ಅಂಕಿಗೆ ‘ಹಾ’ ಹಚ್ಚಿದರೆ 1646–47 ಆಗಿ ಒಂಬತ್ತು ವರ್ಷ ಹಿಂದೆ ಸರಿಯುತ್ತದೆ. ತೇದಿಯ ಸಾಲಿನಲ್ಲಿ ‘ಶುಹೂರ್’ ಎಂಬ ಪದವಿದೆಯೇ, ವರ್ಷವನ್ನು ಅರಬ್ಬಿ ಸಂಖ್ಯಾಪದಗಳಲ್ಲಿ ಬಿಡಿಸಿ ಬರೆದಿದ್ದಾರೆಯೇ ನೋಡಿ. ಇದ್ದರೆ ಹಿಜರಿ ಎಂದು ಬರೆಯುವ ಕೈ ತಡೆಯಿರಿ.

ಇನ್ನು ಗುಮ್ಮಟದ ಮುಂದೆ ನಿಂತು ತೆಗೆಸಿಕೊಂಡ ಚಿತ್ರದ ಮೂಲೆಯಲ್ಲಿ ಕ್ಯಾಮೆರಾ ಹೊಡೆದ 12/03/1995 ಇದೆ ಅನ್ನಿ. ಅದು ಕ್ರಿಸ್ತಶಕದಲ್ಲೇ ಇರಲಿ, ಹಿಜರಿಗೆ ತಿರುಗಿಸುವ ಅಗತ್ಯವೇ ಇಲ್ಲ. ಆದರೆ ಓರೆಗೆರೆ ಹಾಕಿದ ತೇದಿ ಬಲದಿಂದ ಎಡಕ್ಕೆ ಹೋಗುವ ಬರಹದಲ್ಲಿ ಹಿಂದುಮುಂದಾಗಬಹುದು. 12 ದಿನವೋ ತಿಂಗಳೋ ಎಂಬುದನ್ನು ಫೋಟೊ ಕೊಟ್ಟವರನ್ನು ಕೇಳಿ ತಿಳಿದು, ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ. ಮಾರ್ಚ್ ಈಜಿಪ್ಟಿನವರಿಗೆ ‘ಮಾರಿಸ್’, ಸಿರಿಯಾ, ಇರಾಕಿನವರಿಗೆ ‘ಆಧಾರ್’. ಪುಸ್ತಕ ಯಾರ ಕೈಗೆ ಹೋಗುತ್ತದೆ ಎಂದು ಮುದ್ರಣಕ್ಕೆ ಮೊದಲೇ ಕೇಳಿಕೊಳ್ಳಿ.